ಮಿಕ್ಸಿ, ವೆಟ್ ಗ್ರೈಂಡರ್, ಡ್ರಿಲ್: ಹೊರೆಯಿಲ್ಲದಾಗ ನಾಗಾಲೋಟ ಓಡುವ ಮೋಟಾರು ಎಲ್ಲಿ ಬೇಕು, ಎಲ್ಲಿ ಬೇಡ

ಮಿಕ್ಸಿ ಕೊಳ್ಳಲು ಹೋದವರಿಗೆ ಡಬ್ಬದ ಮೇಲೆ ಎದ್ದು ಕಾಣುವ ಅಂಕಿಗಳು ಎರಡು. ಒಂದು ವ್ಯಾಟ್, ಇನ್ನೊಂದು ನಿಮಿಷಕ್ಕೆ ಎಷ್ಟು ಸುತ್ತು ಎಂಬ ವೇಗ. 500 ವ್ಯಾಟಿನ ಮಿಕ್ಸಿಯ ಮೇಲೂ 750 ವ್ಯಾಟಿನ ಮಿಕ್ಸಿಯ ಮೇಲೂ 18,000ದಿಂದ 20,000ದ ಆಸುಪಾಸಿನ ವೇಗವನ್ನು ಬರೆದಿರುವುದು ಸಾಮಾನ್ಯ. ಹೆಚ್ಚು ವೇಗವಿದ್ದರೆ ಬೇಗ ರುಬ್ಬುತ್ತದೆ ಎಂದು ಕೊಳ್ಳುವವರು ಭಾವಿಸುತ್ತಾರೆ, ಮಾರುವವರೂ ಹಾಗೆಯೇ ಹೇಳುತ್ತಾರೆ. ಆದರೆ ಅದು ಜಾರಿನಲ್ಲಿ ಏನೂ ಇಲ್ಲದಾಗಿನ ವೇಗ, ಅಂದರೆ ಮಿಕ್ಸಿ ಯಾವ ಕೆಲಸವನ್ನೂ ಮಾಡದೆ ಇರುವಾಗಿನ ವೇಗ. ಕೊಬ್ಬರಿ, ಕಡಲೆ, ಮೆಣಸಿನಕಾಯಿ ಬಿದ್ದ ಕೂಡಲೇ ಅದು ಅರ್ಧಕ್ಕೆ ಹತ್ತಿರ ಇಳಿದರೂ ಆಶ್ಚರ್ಯವಿಲ್ಲ. ಡ್ರಿಲ್ ಮೆಷಿನ್ನಿನ ಮೇಲೆ ಬರೆದಿರುವ ವೇಗವೂ ಹೀಗೆಯೇ ಬರಿಗಾಳಿಯಲ್ಲಿ ತಿರುಗುವಾಗಿನದು. ವೆಟ್ ಗ್ರೈಂಡರಿನಲ್ಲಿರುವ ಇಂಡಕ್ಷನ್ ಮೋಟಾರಿಗೆ ಈ ಸ್ವಭಾವವಿಲ್ಲ. ಅದು ಖಾಲಿಯಿದ್ದಾಗಲೂ ಹಿಟ್ಟು ತುಂಬಿದಾಗಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ಯಾವ ಕೆಲಸಕ್ಕೆ ಯಾವ ಯಂತ್ರವನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಬಹುಮಟ್ಟಿನ ಉತ್ತರ ಈ ಒಂದು ವ್ಯತ್ಯಾಸದಲ್ಲೇ ಇದೆ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ಖಾಲಿಯಿದ್ದಾಗ ವೇಗ ಏರುವುದೇಕೆ

ಮಿಕ್ಸಿಯ ಒಳಗಿರುವುದು ಯುನಿವರ್ಸಲ್ ಮೋಟಾರು. ಹೊರಗಿನ ಕಬ್ಬಿಣದ ಚೌಕಟ್ಟಿಗೆ ಸುತ್ತಿದ ಎರಡು ಫೀಲ್ಡ್ ಕಾಯಿಲ್‌ಗಳು ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ, ಅವುಗಳ ನಡುವೆ ತಂತಿ ಸುತ್ತಿದ ಆರ್ಮೇಚರ್ ಎಂಬ ಭಾಗ ತಿರುಗುತ್ತದೆ. ಈ ಎರಡನ್ನೂ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ಫೀಲ್ಡಿನಲ್ಲಿ ಹರಿದ ಕರೆಂಟೇ ಕಾರ್ಬನ್ ಬ್ರಷ್‌ಗಳ ಮೂಲಕ ಆರ್ಮೇಚರಿಗೂ ಹೋಗುತ್ತದೆ. ಎ.ಸಿ. ಕರೆಂಟು ದಿಕ್ಕು ಬದಲಿಸಿದಾಗ ಎರಡರಲ್ಲೂ ಒಟ್ಟಿಗೇ ಬದಲಾಗುವುದರಿಂದ ತಿರುಗುವ ದಿಕ್ಕು ಮಾತ್ರ ಬದಲಾಗುವುದಿಲ್ಲ. ಎ.ಸಿ. ಮತ್ತು ಡಿ.ಸಿ. ಎರಡರಲ್ಲೂ ಓಡುವುದರಿಂದಲೇ ಅದಕ್ಕೆ ಯುನಿವರ್ಸಲ್ ಎಂಬ ಹೆಸರು ಬಂದಿದೆ.

ತಿರುಗುವ ಆರ್ಮೇಚರ್ ತಾನೂ ಒಂದು ಜನರೇಟರಿನಂತೆ ವರ್ತಿಸಿ, ಬರುವ ವೋಲ್ಟೇಜಿಗೆ ಎದುರಾಗಿ ಇನ್ನೊಂದು ವೋಲ್ಟೇಜನ್ನು ಹುಟ್ಟಿಸುತ್ತದೆ. ಈ ಎದುರು ವೋಲ್ಟೇಜು ಎರಡು ಸಂಗತಿಗಳನ್ನು ಅವಲಂಬಿಸಿದೆ: ಕಾಂತಕ್ಷೇತ್ರ ಎಷ್ಟು ಬಲವಾಗಿದೆ, ಆರ್ಮೇಚರ್ ಎಷ್ಟು ವೇಗವಾಗಿ ತಿರುಗುತ್ತಿದೆ. ಮೋಟಾರಿನ ವೇಗ ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಈ ಎದುರು ವೋಲ್ಟೇಜೇ. ಅದು ಸರಬರಾಜಿನ ವೋಲ್ಟೇಜಿಗೆ ಸಾಕಷ್ಟು ಹತ್ತಿರ ಬಂದು, ಆಗಿನ ಹೊರೆಗೆ ಬೇಕಾದಷ್ಟೇ ಕರೆಂಟು ಒಳಗೆ ಬರುವವರೆಗೆ ಆರ್ಮೇಚರಿನ ವೇಗ ಏರುತ್ತಲೇ ಇರುತ್ತದೆ.

ಈಗ ಜಾರನ್ನು ಖಾಲಿ ಮಾಡಿ ನೋಡಿ. ತಿರುಗಿಸಲು ಹೆಚ್ಚಿನ ಬಲ ಬೇಡವಾದ್ದರಿಂದ ಕರೆಂಟು ಕಡಿಮೆಯಾಗುತ್ತದೆ. ಆದರೆ ಅದೇ ಕರೆಂಟು ಫೀಲ್ಡಿನಲ್ಲೂ ಹರಿಯಬೇಕಲ್ಲ! ಹಾಗಾಗಿ ಕಾಂತಕ್ಷೇತ್ರವೂ ಸೊರಗುತ್ತದೆ. ಸೊರಗಿದ ಕ್ಷೇತ್ರದಲ್ಲಿ ಅಷ್ಟೇ ಎದುರು ವೋಲ್ಟೇಜನ್ನು ಹುಟ್ಟಿಸಬೇಕಾದರೆ ಆರ್ಮೇಚರಿಗೆ ಇರುವ ದಾರಿ ಒಂದೇ, ಇನ್ನೂ ವೇಗವಾಗಿ ತಿರುಗುವುದು. ಹೊರೆ ಇಳಿದಷ್ಟೂ ಕ್ಷೇತ್ರ ಸೊರಗುತ್ತದೆ, ಕ್ಷೇತ್ರ ಸೊರಗಿದಷ್ಟೂ ವೇಗ ಏರುತ್ತದೆ. ಹೊರೆಯೆಂಬುದೇ ಇಲ್ಲದಿದ್ದರೆ ಈ ಓಟಕ್ಕೆ ಕೊನೆಯೂ ಇರುತ್ತಿರಲಿಲ್ಲ. ದೊಡ್ಡ ಡಿ.ಸಿ. ಸೀರೀಸ್ ಮೋಟಾರುಗಳನ್ನು ಹೊರೆಯಿಲ್ಲದೆ ಚಾಲೂ ಮಾಡಬಾರದು, ಬೆಲ್ಟಿನಿಂದ ಜೋಡಿಸಬಾರದು ಎಂಬ ನಿಯಮ ಇದರಿಂದಲೇ ಬಂದದ್ದು. ಬೆಲ್ಟು ಕಳಚಿದ ಕೆಲವೇ ಕ್ಷಣಗಳಲ್ಲಿ ಅಂಥ ಮೋಟಾರು ತನ್ನನ್ನು ತಾನೇ ಸಿಡಿಸಿಕೊಳ್ಳಬಲ್ಲದು. ಮಿಕ್ಸಿಯಲ್ಲಿ ಹಾಗಾಗದಿರಲು ಕಾರಣ ಅದರೊಳಗಿನ ಫ್ಯಾನು, ಬ್ರಷ್‌ಗಳ ತಿಕ್ಕಾಟ ಮತ್ತು ಬುಷ್‌ಗಳ ಘರ್ಷಣೆ. ತಂಪು ಮಾಡಲು ಆರ್ಮೇಚರಿನ ದಂಡಕ್ಕೆ ಸಿಕ್ಕಿಸಿದ ಆ ಪುಟ್ಟ ಫ್ಯಾನು ಗಾಳಿಯನ್ನು ನೂಕುವ ಹೊರೆಯನ್ನೂ ಹೊತ್ತಿರುತ್ತದೆ. ವೇಗ ಇಮ್ಮಡಿಯಾದರೆ ಅದನ್ನು ತಿರುಗಿಸಲು ಸುಮಾರು ಎಂಟು ಪಟ್ಟು ಶಕ್ತಿ ಬೇಕು. ನಾಗಾಲೋಟಕ್ಕೆ ಕಡಿವಾಣ ಹಾಕುವುದರಲ್ಲಿ ಅದರ ಪಾಲು ದೊಡ್ಡದು.

ಒಂದು ಲೆಕ್ಕ

ಸುಲಭವಾಗಿ ಲೆಕ್ಕ ಹಾಕಲು ಒಂದು 750 ವ್ಯಾಟಿನ ಮಿಕ್ಸಿಯನ್ನು ಊಹಿಸಿಕೊಳ್ಳೋಣ. ತುಂಬು ಹೊರೆಯಲ್ಲಿ ಅದು 230 ವೋಲ್ಟಿನಲ್ಲಿ 3.5 ಆಂಪಿಯರ್ ಎಳೆದು, ನಿಮಿಷಕ್ಕೆ 11,000 ಸುತ್ತು ತಿರುಗುತ್ತಿದೆ ಎನ್ನೋಣ. ಸುರುಳಿಗಳ ಒಟ್ಟು ರೋಧ 12 ಓಮ್ ಆದರೆ ಅದರಲ್ಲೇ 42 ವೋಲ್ಟ್ ಕಳೆದುಹೋಗುತ್ತದೆ. ಉಳಿದ 188 ವೋಲ್ಟು ಆರ್ಮೇಚರಿನ ಎದುರು ವೋಲ್ಟೇಜು. (ಎ.ಸಿ.ಯ ಇತರ ಸೂಕ್ಷ್ಮಗಳನ್ನು ಇಲ್ಲಿ ಬಿಟ್ಟಿದ್ದೇನೆ. ಅವನ್ನು ಸೇರಿಸಿದರೆ ಅಂಕಿಗಳು ಸ್ವಲ್ಪ ಬದಲಾದಾವು, ನಡತೆ ಬದಲಾಗದು.)

ಜಾರು ಖಾಲಿಯಾದಾಗ ಕರೆಂಟು 1.4 ಆಂಪಿಯರಿಗೆ ಇಳಿಯಿತು. ಸುರುಳಿಗಳಲ್ಲಿ ಈಗ ಕಳೆದುಹೋಗುವುದು ಸುಮಾರು 17 ವೋಲ್ಟ್ ಮಾತ್ರ, ಆದ್ದರಿಂದ ಎದುರು ವೋಲ್ಟೇಜು 213 ಆಗಬೇಕು. ಕರೆಂಟು ಐದರಲ್ಲಿ ಎರಡು ಪಾಲಿಗೆ ಇಳಿದರೂ ಕಾಂತಕ್ಷೇತ್ರ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ತುಂಬು ಹೊರೆಯಲ್ಲಿ ಕಬ್ಬಿಣ ಕಾಂತತ್ವವನ್ನು ಹೀರಿ ಹೀರಿ ತಣಿದಿರುವುದರಿಂದ, ಇಳಿಯುವಾಗ ಕ್ಷೇತ್ರ ಸುಮಾರು ಶೇ. 60ರಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಹೊಸ ವೇಗ 11,000ವನ್ನು 213/188ರಿಂದ ಗುಣಿಸಿ 0.6ರಿಂದ ಭಾಗಿಸಿದಷ್ಟು, ಅಂದರೆ 20,800ರ ಸುಮಾರು. ಡಬ್ಬದ ಮೇಲಿನ ‘20,000’ ಬಂದದ್ದು ಹೀಗೆ. ಈ ಏರಿಕೆಯಲ್ಲಿ ಉಳಿತಾಯವಾದ 25 ವೋಲ್ಟಿನ ಪಾಲು ಸ್ವಲ್ಪ, ಕ್ಷೇತ್ರ ಸೊರಗಿದ್ದರ ಪಾಲೇ ಹೆಚ್ಚು ಎಂಬುದನ್ನು ಗಮನಿಸಬೇಕು.

ಇದೇ ಗುಣವನ್ನು ತಿರುಗಿಸಿ ನೋಡಿದರೆ ಅದು ದೋಷವಲ್ಲ, ವರ. ಹೊರೆ ಹೆಚ್ಚಾದಾಗ ಕರೆಂಟಿನೊಂದಿಗೆ ಕ್ಷೇತ್ರವೂ ಬಲಗೊಳ್ಳುವುದರಿಂದ, ಕಬ್ಬಿಣ ಕಾಂತತ್ವವನ್ನು ಹೀರಿ ತಣಿಯುವವರೆಗೆ ತಿರುಗುಬಲ ಕರೆಂಟಿನ ವರ್ಗದಂತೆ ಏರುತ್ತದೆ. ನಿಂತಿರುವ ಬ್ಲೇಡನ್ನು ಒಣ ಅರಿಸಿನದ ಕೊಂಬುಗಳ ನಡುವೆ ಎಳೆದು ತಿರುಗಿಸುವ ಶಕ್ತಿ ಇದರಿಂದಲೇ ಬರುವುದು. ಜೊತೆಗೆ, ಶಕ್ತಿಯೆಂದರೆ ತಿರುಗುಬಲ ಮತ್ತು ವೇಗಗಳ ಗುಣಲಬ್ಧವಾದ್ದರಿಂದ, ವೇಗವಾಗಿ ತಿರುಗುವ ಮೋಟಾರು ಚಿಕ್ಕದಾಗಿದ್ದರೂ ಹೆಚ್ಚು ಕೆಲಸ ಮಾಡುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ಇಂಡಕ್ಷನ್ ಮೋಟಾರು ಎಷ್ಟೇ ಹೆಣಗಿದರೂ ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಅರ್ಧ ಅಶ್ವಶಕ್ತಿಯ ಇಂಡಕ್ಷನ್ ಮೋಟಾರನ್ನು ಕೈಯಲ್ಲಿ ಹಿಡಿದು ಗೋಡೆ ಕೊರೆಯುವುದನ್ನು ಊಹಿಸಿಕೊಂಡರೆ, ಡ್ರಿಲ್ಲಿನವರು ಸೀರೀಸ್ ಮೋಟಾರಿಗೆ ಏಕೆ ಜೋತುಬಿದ್ದಿದ್ದಾರೆ ಎಂಬುದು ತಿಳಿಯುತ್ತದೆ.

ಮಿಕ್ಸಿಯೋ ವೆಟ್ ಗ್ರೈಂಡರೋ

ಮೇಜಿನ ಮೇಲಿಡುವ ಎರಡು ಲೀಟರಿನ ವೆಟ್ ಗ್ರೈಂಡರಿನಲ್ಲಿ ಸಾಮಾನ್ಯವಾಗಿ 150 ವ್ಯಾಟಿನ ಆಸುಪಾಸಿನ ಇಂಡಕ್ಷನ್ ಮೋಟಾರಿರುತ್ತದೆ. ಅಂಥ ನಾಲ್ಕು ಧ್ರುವಗಳ ಮೋಟಾರು ಖಾಲಿಯಿದ್ದಾಗ 1,500ಕ್ಕೆ ಕೊಂಚ ಕಡಿಮೆ, ಹೊರೆ ಬಿದ್ದಾಗ 1,440ರ ಸುಮಾರು ತಿರುಗುತ್ತದೆ, ವ್ಯತ್ಯಾಸ ಶೇ. 4ರಷ್ಟು ಮಾತ್ರ. ಬೆಲ್ಟು ಅಥವಾ ಗೇರು ಆ ವೇಗವನ್ನು ಇಳಿಸಿ ಪಾತ್ರೆಯನ್ನು ನಿಧಾನವಾಗಿ ತಿರುಗಿಸುತ್ತದೆ. ಮಿಕ್ಸಿಗೂ ಇದಕ್ಕೂ ವ್ಯಾಟಿನ ಹೋಲಿಕೆ ಮಾಡುವುದು ಅರ್ಥವಿಲ್ಲದ ಕೆಲಸ, ಏಕೆಂದರೆ ಒಂದು ಕೊಚ್ಚುತ್ತದೆ, ಇನ್ನೊಂದು ಕಲ್ಲುಗಳ ನಡುವೆ ಅರೆಯುತ್ತದೆ.

ಉದ್ದಿನ ಬೇಳೆಯ ಗಟ್ಟಿ ಹಿಟ್ಟಿನಲ್ಲಿ ಸೀರೀಸ್ ಮೋಟಾರಿನ ದೌರ್ಬಲ್ಯ ಚೆನ್ನಾಗಿ ಕಾಣುತ್ತದೆ. ಹಿಟ್ಟು ಗಟ್ಟಿಯಾದಂತೆ ವೇಗ ಕುಸಿಯುತ್ತದೆ, ಕರೆಂಟು ಏರುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಹೆಚ್ಚುತ್ತದೆ, ಆದರೆ ಆ ಶಾಖವನ್ನು ಹೊರಗೆ ಹಾಕಬೇಕಾದ ಫ್ಯಾನು ಅದೇ ಹೊತ್ತಿಗೆ ನಿಧಾನವಾಗಿರುತ್ತದೆ. ಬಿಸಿ ಹೆಚ್ಚಿದಾಗ ಗಾಳಿ ಕಡಿಮೆ! ಮಿಕ್ಸಿಯ ತಳದ ಫಲಕದಲ್ಲಿ ‘5 ನಿಮಿಷ ಚಾಲೂ, 2 ನಿಮಿಷ ವಿರಾಮ’ ಎಂಬ ಅರ್ಥದ ಸೂಚನೆ ಇರುವುದು ಈ ಕಾರಣಕ್ಕೆ. ಇಂಡಕ್ಷನ್ ಮೋಟಾರು ಅರ್ಧ ಗಂಟೆ ಎಡೆಬಿಡದೆ ಓಡಿದರೂ ಅದರ ಫ್ಯಾನಿನ ವೇಗ ಇಳಿಯುವುದಿಲ್ಲ, ಸವೆಯಲು ಅದರಲ್ಲಿ ಬ್ರಷ್‌ಗಳೂ ಇಲ್ಲ.

ಹಿಟ್ಟು ಬಿಸಿಯಾಗುವ ಮಾತಂತೂ ಗೃಹಿಣಿಯರು ಲೆಕ್ಕವಿಲ್ಲದೆ ಬಲ್ಲರು, ಆದರೂ ಲೆಕ್ಕ ಹಾಕಿ ನೋಡಬಹುದು. ಬ್ಲೇಡಿನಿಂದ ಹಿಟ್ಟಿಗೆ 300 ವ್ಯಾಟು ಹೋಗುತ್ತಿದೆ, 1 ಕಿಲೋ ಹಿಟ್ಟನ್ನು 4 ನಿಮಿಷ ರುಬ್ಬಿದ್ದೇವೆ ಎಂದಾದರೆ ಒಟ್ಟು 72 ಕಿಲೋಜೂಲ್ ಶಾಖ. ಒಂದು ಕಿಲೋ ಹಿಟ್ಟಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 3.5 ಕಿಲೋಜೂಲ್ ಬೇಕಾದ್ದರಿಂದ, ಏರಿಕೆ 20 ಡಿಗ್ರಿ ಸೆಲ್ಸಿಯಸ್. ತಣ್ಣೀರು ಹಾಕಿ ರುಬ್ಬುವ ಪದ್ಧತಿ ಇದಕ್ಕೇ. ವೆಟ್ ಗ್ರೈಂಡರಿನಲ್ಲಿ ಕಡಿಮೆ ಶಕ್ತಿ ಹೆಚ್ಚು ಹೊತ್ತು ಹೋಗುತ್ತದೆ. ಕಲ್ಲು, ಪಾತ್ರೆ ಮತ್ತು ಹೆಚ್ಚಿನ ಹಿಟ್ಟು ಅದನ್ನು ಹಂಚಿಕೊಂಡು ಹೊರಗಿನ ಗಾಳಿಗೆ ಬಿಡುತ್ತವೆ.

ವಾರಕ್ಕೆ ಎರಡು ಸಲ ಇಡ್ಲಿ, ದೋಸೆಗೆ ನೆನೆಹಾಕುವ ನಾಲ್ಕೈದು ಜನರ ಮನೆಗೆ 500 ವ್ಯಾಟಿನ ಮಿಕ್ಸಿಯೊಂದು ಮತ್ತು ವೆಟ್ ಗ್ರೈಂಡರೊಂದು ಇರುವುದು, 1,000 ವ್ಯಾಟಿನ ಒಂದೇ ಮಿಕ್ಸಿಯಿಂದ ಎಲ್ಲವನ್ನೂ ಮಾಡಿಸಿಕೊಳ್ಳುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಇಬ್ಬರೇ ಇರುವ ಮನೆಗೆ, ಹಿಟ್ಟನ್ನು ಅಪರೂಪಕ್ಕೆ ರುಬ್ಬುವವರಿಗೆ, 750 ವ್ಯಾಟಿನ ಮಿಕ್ಸಿ ಸಾಕು. ಬೇಳೆಯನ್ನು ಮೂರು ನಾಲ್ಕು ಕಂತಿನಲ್ಲಿ ಹಾಕಿದರಾಯಿತು. ಆದರೆ ಸಂಜೆಯ ಹೊತ್ತು ವೋಲ್ಟೇಜು 170ಕ್ಕೆ ಇಳಿಯುವ ಊರಿನಲ್ಲಿ ಇರುವವರು ಒಂದು ಮಾತನ್ನು ನೆನಪಿಡಬೇಕು. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ 170 ವೋಲ್ಟಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ, ಹಿಟ್ಟು ತುಂಬಿದ ಗ್ರೈಂಡರು ಏಳಲಾರದೆ ಗುಂಯ್‌ಗುಟ್ಟುತ್ತ ನಿಂತೀತು. ನಿಂತಲ್ಲಿಂದ ಏಳುವ ಬಲ ಧಾರಾಳವಾಗಿರುವ ಮಿಕ್ಸಿ ಅಲ್ಲಿಯೂ ನಿಧಾನವಾಗಿಯಾದರೂ ತಿರುಗುತ್ತದೆ. ಅಂಥ ಕಡೆ ಗ್ರೈಂಡರನ್ನು ಖಾಲಿಯಿದ್ದಾಗಲೇ ಚಾಲೂ ಮಾಡಿ ಆಮೇಲೆ ಬೇಳೆ ಹಾಕುವುದು ಒಳ್ಳೆಯದು.

ಇನ್ನು ಮಿಕ್ಸಿಯ 1, 2, 3 ಎಂಬ ವೇಗಗಳ ಆಯ್ಕೆ. ಹೆಚ್ಚಿನ ಮಿಕ್ಸಿಗಳಲ್ಲಿ ಇವು ಫೀಲ್ಡ್ ಕಾಯಿಲಿನ ಬೇರೆ ಬೇರೆ ಸುತ್ತುಗಳಿಂದ ತೆಗೆದ ತಂತಿಗಳು. ಒಂದರಲ್ಲಿ ಸುತ್ತುಗಳು ಹೆಚ್ಚು, ಆದ್ದರಿಂದ ಅದೇ ಕರೆಂಟಿಗೆ ಕ್ಷೇತ್ರ ಬಲವಾಗಿ ವೇಗ ಕಡಿಮೆ. ಮೂರರಲ್ಲಿ ಸುತ್ತುಗಳು ಕಡಿಮೆ, ಕ್ಷೇತ್ರ ಸೊರಗಿ ವೇಗ ಹೆಚ್ಚು. ಹೀಗಾಗಿ ಗಟ್ಟಿ ಪದಾರ್ಥವನ್ನು ಒಂದರಲ್ಲಿ ಆರಂಭಿಸಿ ಏರಿಸುತ್ತ ಹೋಗಬೇಕೆಂಬ ಸಲಹೆ ಬರಿಯ ವಾಡಿಕೆಯ ಮಾತಲ್ಲ.

ಡ್ರಿಲ್ಲಿನ ಆಯ್ಕೆ

ಮನೆಬಳಕೆಗೆ ಮಾರಾಟವಾಗುವ 13 ಮಿಲಿಮೀಟರ್ ಚಕ್ಕಿನ, 600 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ಲಿನ ಮೇಲೆ ‘0-2800’ ಎಂಬಂಥ ವೇಗ ಬರೆದಿರುತ್ತದೆ. ಒಳಗಿನ ಆರ್ಮೇಚರು ಇದರ ಸುಮಾರು ಹತ್ತು ಪಟ್ಟು ವೇಗದಲ್ಲಿ ತಿರುಗುತ್ತಿರುತ್ತದೆ, ಗೇರುಗಳು ಅದನ್ನು ಇಳಿಸಿ ಚಕ್ಕಿಗೆ ಕೊಡುತ್ತವೆ. ಗೇರುಗಳ ತಿಕ್ಕಾಟ ಯಾವಾಗಲೂ ಇರುವುದರಿಂದ ಡ್ರಿಲ್ಲು ನಿಜವಾಗಿ ಹೊರೆಯಿಲ್ಲದ ಸ್ಥಿತಿಗೆ ಬರುವುದೇ ಇಲ್ಲ. ಆದರೂ ಗುಂಡಿಯನ್ನು ಅರ್ಧ ಒತ್ತಿದಾಗ ಗಾಳಿಯಲ್ಲಿ ಜೋರಾಗಿ ತಿರುಗಿ, ಕೊರೆಯುವ ಬಿಟ್ ಗೋಡೆಗೆ ತಾಗಿದ ಕೂಡಲೇ ಸೋಲುವುದನ್ನು ಎಲ್ಲರೂ ಕಂಡಿರುತ್ತಾರೆ. ಅಗ್ಗದ ಡ್ರಿಲ್ಲಿನ ಗುಂಡಿ ವೋಲ್ಟೇಜನ್ನು ಕತ್ತರಿಸಿ ಕೊಡುತ್ತದೆಯೇ ಹೊರತು ವೇಗವನ್ನು ಕಾಯುವುದಿಲ್ಲ. ವೇಗವನ್ನು ಅಳೆದು ಸರಿಪಡಿಸುವ ಸರ್ಕಿಟ್ ಇರುವ ಡ್ರಿಲ್ಲು ದುಬಾರಿ. ಟೈಲ್ಸ್ ಮತ್ತು ದೊಡ್ಡ ತೂತಿನ ಕೆಲಸ ಹೆಚ್ಚಾಗಿರುವವರಿಗೆ ಆ ಹಣ ಸಾರ್ಥಕ.

ಕೈಗೆ ಅಪಾಯವಾಗುವುದು ಎರಡು ಸಂದರ್ಭಗಳಲ್ಲಿ, ಎರಡಕ್ಕೂ ಮೂಲ ಒಂದೇ. ತಗಡನ್ನು ಕೊರೆಯುವಾಗ ಬಿಟ್ ಆಚೆ ಬದಿಗೆ ತೂರಿದ ಕ್ಷಣ ಹೊರೆ ಮಾಯವಾಗಿ ಮೋಟಾರು ಜಿಗಿಯುತ್ತದೆ. ಅದೇ ಕ್ಷಣ ತಗಡಿನ ಅಂಚಿಗೆ ಬಿಟ್ ಸಿಕ್ಕಿಕೊಂಡರೆ ಕರೆಂಟು ನುಗ್ಗಿ, ತಿರುಗುಬಲ ಹಲವು ಪಟ್ಟಾಗಿ ಮಣಿಕಟ್ಟನ್ನು ತಿರುಚುತ್ತದೆ. ನನ್ನ ಬಲಗೈ ಒಮ್ಮೆ ಹೀಗೆ ತಿರುಚಿಕೊಂಡು ಹದಿನೈದು ದಿನ ಪೆನ್ನು ಹಿಡಿಯಲಾಗಿರಲಿಲ್ಲ. ಪಕ್ಕದ ಹಿಡಿಕೆ ಡಬ್ಬದಲ್ಲೇ ಉಳಿದಿತ್ತು.

ಬ್ಯಾಟರಿ ಡ್ರಿಲ್ಲಿನಲ್ಲಿ ಈ ನಡತೆ ಇಲ್ಲ. ಅದರಲ್ಲಿ ಕಾಂತಕ್ಷೇತ್ರವನ್ನು ಕೊಡುವುದು ಶಾಶ್ವತ ಆಯಸ್ಕಾಂತ. ಕರೆಂಟು ಇಳಿದರೂ ಕ್ಷೇತ್ರ ಸೊರಗದ ಕಾರಣ, ಖಾಲಿ ತಿರುಗುವಾಗಿನ ವೇಗ ವೋಲ್ಟೇಜಿನಿಂದ ನಿಗದಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ ನಿಗದಿತ ಬಲ ಮೀರಿದಾಗ ಕಟಕಟನೆ ಜಾರುವ ಕ್ಲಚ್ಚಿನ ಉಂಗುರವಿರುತ್ತದೆ. ಸ್ಕ್ರೂ ಹಾಕುವುದು, ಮರಗೆಲಸ, ಪರದೆಯ ಕಂಬಿ ಕೂರಿಸುವುದು ಇಂಥವಕ್ಕೆ ಬ್ಯಾಟರಿಯದನ್ನೇ ಕೊಳ್ಳಬೇಕು. ವೈರಿನ ಡ್ರಿಲ್ಲಿನಿಂದ ಸ್ಕ್ರೂ ಹಾಕಲು ಹೋದರೆ ಅದು ಕೂತ ಮೇಲೂ ಬಲ ಏರಿ ಸ್ಕ್ರೂವಿನ ತಲೆ ಕಿತ್ತುಬರುತ್ತದೆ. ಕಾಂಕ್ರೀಟಿನಲ್ಲಿ ಸಾಲಾಗಿ ತೂತು ಕೊರೆಯುವ ಕೆಲಸವಿದ್ದರೆ ಮಾತ್ರ ವೈರಿನದು ಇನ್ನೂ ಅಗ್ಗ ಮತ್ತು ಗಟ್ಟಿ. ವರ್ಕ್‌ಶಾಪಿನ ಮೇಜಿಗೆ ಬೋಲ್ಟು ಹಾಕಿ ನಿಲ್ಲಿಸುವ ಡ್ರಿಲ್ಲಿಂಗ್ ಮೆಷಿನ್ನಿಗೆ ಭಾರದ ಚಿಂತೆಯಿಲ್ಲದ್ದರಿಂದ ಇಂಡಕ್ಷನ್ ಮೋಟಾರನ್ನೇ ಹಾಕುತ್ತಾರೆ, ವೇಗವನ್ನು ಮೆಟ್ಟಿಲು ಪುಲ್ಲಿಗಳಿಂದ ಬದಲಿಸುತ್ತಾರೆ. ಕಬ್ಬಿಣದಲ್ಲಿ ಅಚ್ಚುಕಟ್ಟಾದ ತೂತು ಬೇಕಾದರೆ ಒಂದೇ ವೇಗ ಮುಖ್ಯ.

ಸದ್ದಿನಿಂದ ತಿಳಿಯುವುದು

ಕೊಂಡ ಮೇಲೆ ಈ ಮೋಟಾರಿನ ಆರೋಗ್ಯವನ್ನು ಕಿವಿಯಿಂದಲೇ ಹೇಳಬಹುದು, ಏಕೆಂದರೆ ಹೊರೆ ಎಷ್ಟಿದೆ ಎಂಬುದು ನೇರವಾಗಿ ಶ್ರುತಿಯಲ್ಲಿ ಕೇಳಿಸುತ್ತದೆ. ಜಾರು ತುಂಬಿದ್ದರೂ ಸದ್ದು ಕೀಚಲಾಗಿ ಏರಿ, ಒಳಗಿನ ಚಟ್ನಿ ಅಲುಗಾಡದೆ ಕೂತಿದ್ದರೆ ಮೋಟಾರಿಗೆ ಏನೂ ಆಗಿಲ್ಲ. ಜಾರಿನ ಅಡಿಯಲ್ಲೋ ಮೋಟಾರಿನ ತಲೆಯಲ್ಲೋ ಇರುವ ಪ್ಲಾಸ್ಟಿಕ್ ಕಪ್ಲರಿನ ಹಲ್ಲುಗಳು ಸವೆದಿವೆ ಅಥವಾ ಮುರಿದಿವೆ. ಹೊರೆ ಕಳಚಿದ ಮೋಟಾರು ನಾಗಾಲೋಟ ಓಡುತ್ತಿದೆ, ಅಷ್ಟೆ. ತಕ್ಷಣ ನಿಲ್ಲಿಸಿ ಕಪ್ಲರ್ ಬದಲಿಸಿದರೆ ಮುಗಿಯಿತು. ಖಾಲಿ ಜಾರಿನಲ್ಲೂ ಸದ್ದು ತಗ್ಗಿ, ಸುಟ್ಟ ವಾಸನೆ ಬಂದರೆ ಜಾರಿನ ಬುಷ್ ಬಿಗಿದಿದೆ; ಬ್ಲೇಡನ್ನು ಕೈಯಿಂದ ಹುಷಾರಾಗಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ, ಪ್ಲಗ್ಗು ಮಾತ್ರ ಕಿತ್ತಿರಬೇಕು.

ಕಷ್ಟದ್ದು ಮೂರನೆಯದು. ಜಾರು ಸರಿಯಿದೆ, ಕಪ್ಲರ್ ಸರಿಯಿದೆ, ಆದರೂ ಖಾಲಿಯಲ್ಲಿ ಮೊದಲಿಗಿಂತ ಜೋರಾಗಿ ಓಡುತ್ತದೆ, ಬ್ರಷ್‌ಗಳ ಬಳಿ ಕಿಡಿ ಹೆಚ್ಚಿದೆ, ಒಂದೆರಡು ನಿಮಿಷದಲ್ಲೇ ಕೈ ಇಡಲಾಗದಷ್ಟು ಬಿಸಿ. ಫೀಲ್ಡ್ ಕಾಯಿಲಿನ ಕೆಲವು ಸುತ್ತುಗಳು ಒಳಗೊಳಗೇ ಶಾರ್ಟಾಗಿ ಕ್ಷೇತ್ರ ಸೊರಗಿರುವ ಲಕ್ಷಣ ಇದು. ಹೆಚ್ಚು ವೇಗವನ್ನು ಕಂಡು ‘ರಿಪೇರಿಯ ಮೇಲೆ ಮಿಕ್ಸಿ ಚುರುಕಾಯಿತು’ ಎಂದು ಹಿಗ್ಗಿದವರೂ ಉಂಟು.

ಆರ್ಮೇಚರನ್ನು ರೀವೈಂಡ್ ಮಾಡುವ ಅಂಗಡಿಯ ಅನುಭವಿ ಕೆಲಸಗಾರರು ಹೊಸ ಮೋಟಾರನ್ನು ಎಂದೂ ನೇರವಾಗಿ 230 ವೋಲ್ಟಿಗೆ ಕೊಟ್ಟು ನೋಡುವುದಿಲ್ಲ, 100 ಅಥವಾ 200 ವ್ಯಾಟಿನ ತಂತಿಬಲ್ಬನ್ನು ಸೀರೀಸಿನಲ್ಲಿ ಹಾಕುತ್ತಾರೆ. ಮೋಟಾರು ಏಳುವಾಗ ಬಲ್ಬು ಒಮ್ಮೆ ಬೆಳಗಿ ಮಂಕಾಗುತ್ತದೆ. ಮಂಕಾಗದೆ ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆಯೆಂದು ಅರ್ಥ. ಬಲ್ಬು ತಡೆಯುವುದು ಶಾರ್ಟನ್ನು ಮಾತ್ರವಲ್ಲ, ಓಟವನ್ನೂ. 20,000 ಸುತ್ತಿನ ವೇಗದಲ್ಲಿ, 22 ಮಿಲಿಮೀಟರ್ ತ್ರಿಜ್ಯದ ಆರ್ಮೇಚರಿನ ಅಂಚಿನಲ್ಲಿರುವ ಒಂದು ಗ್ರಾಂ ತಾಮ್ರವು ಸುಮಾರು ಹತ್ತು ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಫ್ಯಾನು ಕಳಚಿಟ್ಟ ಆರ್ಮೇಚರು ಮೇಜಿನ ಮೇಲೆ 40,000 ಮುಟ್ಟಿದರೆ ಅದೇ ಒಂದು ಗ್ರಾಮಿನ ಎಳೆತ ನಲವತ್ತು ಕಿಲೋ ಆಗುತ್ತದೆ. ವಾರ್ನಿಷ್ ಇನ್ನೂ ಸರಿಯಾಗಿ ಒಣಗಿರದ ಹೊಸ ವೈಂಡಿಂಗು ಅದನ್ನು ತಾಳುವುದಿಲ್ಲ. ತಂತಿ ಗುಮ್ಮಟದಂತೆ ಉಬ್ಬಿ ಫೀಲ್ಡಿಗೆ ಉಜ್ಜುತ್ತದೆ, ಇಲ್ಲವೆ ಬ್ರಷ್‌ಗಳು ಉಜ್ಜುವ ಕಮ್ಯುಟೇಟರಿನ ತಾಮ್ರದ ಪಟ್ಟಿಯೊಂದು ಎದ್ದು ಬ್ರಷ್ಷನ್ನು ಚೂರು ಮಾಡುತ್ತದೆ. ರಿಪೇರಿಗೆ ಕೊಟ್ಟ ಮಿಕ್ಸಿಯನ್ನು ವಾಪಸು ತರುವಾಗ ಜಾರನ್ನೂ ಒಯ್ದು, ಅದರಲ್ಲಿ ಒಂದು ಲೋಟ ನೀರು ಹಾಕಿಯೇ ಓಡಿಸಿ ತೋರಿಸಲು ಕೇಳಿ.